‘ಒಂದು ಅಧ್ಯಯನ’ ಎಂದರೆ ಸಾಲದು

‘ಕೋಲಾರದ ಕೃಷಿ ಮತ್ತು ನೀರು: ಒಂದು ಅಧ್ಯಯನ’. ಪಿಎಚ್‌.ಡಿ. ಅರ್ಜಿಯಲ್ಲಿ ಇಂಥ ಶೀರ್ಷಿಕೆ ಕಂಡರೆ ಸಂದರ್ಶನ ಸಮಿತಿ ಕೇಳುವುದು ಒಂದೇ: ನೀವು ಹುಡುಕುತ್ತಿರುವುದಾದರೂ ಏನು?

ಇದನ್ನೇ ಬಿಚ್ಚಿ ಕಟ್ಟೋಣ. 2018ರಿಂದ ಬೆಂಗಳೂರಿನ ಸಂಸ್ಕರಿತ ಕೊಳಚೆ ನೀರು ಕೆ.ಸಿ. ವ್ಯಾಲಿ ಯೋಜನೆಯಡಿ ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಅದರ ಲಾಭ ಕೊಳವೆಬಾವಿ ಇಲ್ಲದ ಸಣ್ಣ ರೈತನಿಗೂ ತಲುಪಿತೇ ಎಂಬುದು ಸಮಸ್ಯೆ.

ಹೆಚ್ಚಿನವರು ಎಡವುವುದು ಮುಂದಿನ ಹೆಜ್ಜೆಯಲ್ಲಿ, ಅಂದರೆ ಕೊರತೆ ತೋರಿಸುವಲ್ಲಿ. ‘ಈ ಬಗ್ಗೆ ಯಾರೂ ಬರೆದಿಲ್ಲ’ ಎಂದರೆ ನೀವು ಓದಿಲ್ಲ ಎಂದೇ ಸಮಿತಿ ತಿಳಿಯುತ್ತದೆ. ಅಂತರ್ಜಲ ಮಟ್ಟ, ನೀರಿನ ಗುಣಮಟ್ಟ ಕುರಿತ ಅಧ್ಯಯನಗಳಿವೆ. ಅವು ಎಲ್ಲಿಗೆ ನಿಲ್ಲುತ್ತವೆ ಎಂದು ಹೆಸರು ಹಿಡಿದು ತೋರಿಸಿ. ನಿಮ್ಮ ಜಾಗ ತಾನಾಗಿ ಕಾಣುತ್ತದೆ.

ಪ್ರಶ್ನೆ ಎರಡೇ ಸಾಕು. ಬೆಳೆ ಬದಲಿಸಿದವರು ಯಾರು? ಉಳಿದವರನ್ನು ತಡೆದದ್ದೇನು? ಮೊದಲನೆಯದಕ್ಕೆ ನೀರು ಬಂದ ಮೂರು, ಬಾರದ ಮೂರು ಕೆರೆಗಳ ಅಚ್ಚುಕಟ್ಟಿನಲ್ಲಿ ಮನೆಮನೆ ಸಮೀಕ್ಷೆ. ಎರಡನೆಯದಕ್ಕೆ ರೈತರೊಡನೆ ಸಂದರ್ಶನ. ಯಾವ ಪ್ರಶ್ನೆಗೂ ಉತ್ತರಿಸದ ವಿಧಾನವನ್ನು ಹೊಡೆದುಹಾಕಿ.

ಯುಜಿಸಿಯ 2022ರ ನಿಯಮದಂತೆ ಕೋರ್ಸ್‌ವರ್ಕ್ ಸೇರಿ ಕನಿಷ್ಠ ಅವಧಿ ಮೂರು ವರ್ಷ. ಹಾಗಾಗಿ ಮೊದಲ ವರ್ಷಕ್ಕೇ ಕ್ಷೇತ್ರಕಾರ್ಯ ತುಂಬಬೇಡಿ. ಮುಂಗಾರು, ಹಿಂಗಾರು ಎರಡನ್ನೂ ನೋಡಲು ಎರಡನೇ ವರ್ಷವನ್ನು ಪೂರ್ತಿ ಬಿಟ್ಟುಕೊಡಿ.