144ರ ಮಾನಿಟರ್ 98ಕ್ಕೆ ಇಳಿಯುವುದು ಏಕೆ?

2018ರಲ್ಲಿ ಏಸಸ್ ಮತ್ತು ಏಸರ್ ಕಂಪನಿಗಳು 27 ಇಂಚಿನ ಒಂದೊಂದು ಗೇಮಿಂಗ್ ಮಾನಿಟರನ್ನು ಮಾರುಕಟ್ಟೆಗೆ ತಂದವು. 4ಕೆ ರೆಸಲ್ಯೂಷನ್, 144 ಹರ್ಟ್ಸ್, ಎಚ್‌ಡಿಆರ್ ಮೂರೂ ಒಂದೇ ಪರದೆಯಲ್ಲಿ. ಅಮೆರಿಕದಲ್ಲಿ ಬೆಲೆ ಸುಮಾರು 2000 ಡಾಲರ್. ಹೇಳಿಕೊಂಡ ಮೂರು ಗುಣವೂ ಅದರಲ್ಲಿ ಇದ್ದವು, ಆದರೆ ಮೂರೂ ಒಟ್ಟಿಗೆ ಸಿಗುತ್ತಿರಲಿಲ್ಲ. 10 ಬಿಟ್ ಬಣ್ಣ ಯಾವ ಕಡಿತವೂ ಇಲ್ಲದೆ ಬೇಕೆಂದರೆ 98 ಹರ್ಟ್ಸಿಗೆ ಇಳಿಯಬೇಕಿತ್ತು. 8 ಬಿಟ್ ಸಾಕೆಂದರೆ 120 ಸಿಗುತ್ತಿತ್ತು. 144 ಬೇಕೇ ಬೇಕೆಂದರೆ ಬಣ್ಣದ ವಿವರವನ್ನೇ ಅರ್ಧ ಬಿಟ್ಟುಕೊಡಬೇಕಿತ್ತು.

ಇದರಲ್ಲಿ ಪರದೆಯ ತಪ್ಪೇನಿಲ್ಲ. ಅಡಚಣೆ ಇದ್ದದ್ದು ಕೇಬಲ್ಲಿನಲ್ಲಿ.

4ಕೆ ಚಿತ್ರದಲ್ಲಿ ಸುಮಾರು 83 ಲಕ್ಷ ಪಿಕ್ಸೆಲ್‌ಗಳಿರುತ್ತವೆ. ಪ್ರತಿ ಪಿಕ್ಸೆಲ್‌ಗೂ ಕೆಂಪು, ಹಸಿರು, ನೀಲಿ ಎಂದು ಮೂರು ಅಂಕಿ. 8 ಬಿಟ್ ಎಂದರೆ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲು, 10 ಬಿಟ್ ಎಂದರೆ 1024. ಮೆಟ್ಟಿಲು ನಾಲ್ಕು ಪಟ್ಟಾದರೂ ಕಳಿಸಬೇಕಾದ ಮಾಹಿತಿ ಹೆಚ್ಚುವುದು ಕಾಲು ಭಾಗ ಮಾತ್ರ, ಪಿಕ್ಸೆಲ್‌ಗೆ 24 ಬಿಟ್ ಇದ್ದದ್ದು 30 ಆಗುತ್ತದೆ. ಆ ಕಾಲು ಭಾಗವೇ ಇಲ್ಲಿ ತೊಡಕು. ಲೆಕ್ಕ ಹಾಕಿ ನೋಡೋಣ:

```
3840 × 2160 × 24 × 120 = 23.9 Gbps
3840 × 2160 × 30 × 120 = 29.9 Gbps
3840 × 2160 × 30 × 98  = 24.4 Gbps
```

ಆ ಮಾನಿಟರ್‌ಗಳಲ್ಲಿದ್ದ ಡಿಸ್‌ಪ್ಲೇಪೋರ್ಟ್ 1.4 ಸೆಕೆಂಡಿಗೆ ಸಾಗಿಸಬಲ್ಲ ನಿಜವಾದ ಮಾಹಿತಿ 25.9 ಗಿಗಾಬಿಟ್. ಒಂದು ಫ್ರೇಮ್ ಮುಗಿದು ಇನ್ನೊಂದು ಶುರುವಾಗುವ ನಡುವಿನ ಬಿಡುವಿಗೂ ಇದರಲ್ಲೇ ಸ್ವಲ್ಪ ಜಾಗ ಬೇಕು. ಹಾಗಾಗಿ ಮೊದಲ ಸಾಲು ಹೇಗೋ ಹಿಡಿಸುತ್ತದೆ, ಎರಡನೆಯದು ಹಿಡಿಸುವುದೇ ಇಲ್ಲ, 10 ಬಿಟ್ ಉಳಿಸಿಕೊಂಡು 98ಕ್ಕೆ ಇಳಿದರೆ ಮತ್ತೆ ಹಿಡಿಸುತ್ತದೆ. ಎಚ್‌ಡಿಎಂಐ 2.0 ಇನ್ನೂ ಇಕ್ಕಟ್ಟು. ಅದರ ನಿಜವಾದ ಸಾಮರ್ಥ್ಯ 14.4 ಗಿಗಾಬಿಟ್ ಆದ್ದರಿಂದ 4ಕೆಯಲ್ಲಿ 60 ಹರ್ಟ್ಸಿಗೇ ಪೂರ್ಣ 10 ಬಿಟ್ ಹಿಡಿಸದು.

ಬಣ್ಣದ ವಿವರ ಅರ್ಧ ಬಿಡುವುದಕ್ಕೆ 4:2:2 ಎನ್ನುತ್ತಾರೆ. ಪ್ರತಿ ಪಿಕ್ಸೆಲ್‌ನ ಬೆಳಕು ಪೂರ್ತಿ ಬರುತ್ತದೆ, ಬಣ್ಣವನ್ನು ಮಾತ್ರ ಅಕ್ಕಪಕ್ಕದ ಎರಡು ಪಿಕ್ಸೆಲ್ ಹಂಚಿಕೊಳ್ಳುತ್ತವೆ. ಸಿನಿಮಾದಲ್ಲಿ, ಓಡುವ ಕಾರಿನಲ್ಲಿ ಇದು ಗೊತ್ತೇ ಆಗುವುದಿಲ್ಲ. ಕಪ್ಪು ಹಿನ್ನೆಲೆಯಲ್ಲಿ ಸಣ್ಣ ಕೆಂಪು ಅಕ್ಷರ ಇಟ್ಟು ಹತ್ತಿರದಿಂದ ನೋಡಿ, ಅಂಚುಗಳು ಕದಡಿಕೊಂಡು ಅಕ್ಷರದ ಗೀಟು ಪಕ್ಕಕ್ಕೆ ಹರಿದಂತಿರುತ್ತದೆ. ಗೇಮ್ ಮಾತ್ರ ಆಡುವವರಿಗೆ ಇದು ನಡೆಯುತ್ತದೆ, ಅದೇ ಪರದೆಯಲ್ಲಿ ದಿನವಿಡೀ ಓದುವವರಿಗೆ ಕಣ್ಣು ಕಿರಿಕಿರಿ.

ಇದಕ್ಕಿಂತ ಒಳ್ಳೆಯ ದಾರಿ ಇನ್ನೊಂದಿದೆ. ಕೇಬಲ್ ಮೇಲೆ 8 ಬಿಟ್ ಮಾತ್ರ ಕಳಿಸಿ, ಎರಡು ಮೆಟ್ಟಿಲಿನ ನಡುವಿನ ಛಾಯೆ ಬೇಕಾದ ಕಡೆ ಅಕ್ಕಪಕ್ಕದ ಪಿಕ್ಸೆಲ್‌ಗಳಲ್ಲಿ ಆ ಎರಡನ್ನೂ ಬೆರೆಸುವುದು. ಇದು ಡಿದರಿಂಗ್. 98 ಹರ್ಟ್ಸಿನ ಅಪ್ಪಟ 10 ಬಿಟ್ಟೋ, 120 ಹರ್ಟ್ಸಿನ ಡಿದರಿಂಗೋ ಎಂದು ಕೇಳಿದರೆ ನಾನು ಕಣ್ಣು ಮುಚ್ಚಿ 120 ಎನ್ನುತ್ತೇನೆ. ಸಂಜೆಯ ಆಕಾಶದ ನೀಲಿ ಕ್ರಮೇಣ ಮಾಸುವ ಕಡೆ ಪಟ್ಟೆ ಪಟ್ಟೆ ಕಾಣುತ್ತದೆಯೇ ಎಂದು ಹುಡುಕಿ ನೋಡಿ, ಡಿದರಿಂಗ್ ಸರಿಯಾಗಿದ್ದರೆ ಸಿಗುವುದು ಕಷ್ಟ. ಬಂದೂಕಿನ ಆಟದಲ್ಲಿ ತಟ್ಟನೆ ತಿರುಗಿದಾಗ 98ಕ್ಕೂ 120ಕ್ಕೂ ಇರುವ ವ್ಯತ್ಯಾಸ ಮಾತ್ರ ಕೈಗೇ ಗೊತ್ತಾಗುತ್ತದೆ.

ಹೊಸ ಮಾನಿಟರ್‌ಗಳಲ್ಲಿ ಈ ಗೋಳು ಬಹುಮಟ್ಟಿಗೆ ತಪ್ಪಿದೆ. ಡಿಎಸ್‌ಸಿ ಎಂಬ ವಿಧಾನ ಚಿತ್ರವನ್ನು ಕಣ್ಣಿಗೆ ತಿಳಿಯದಂತೆ ಕುಗ್ಗಿಸಿ ಕಳಿಸುತ್ತದೆ. 48 ಗಿಗಾಬಿಟ್‌ನ ಎಚ್‌ಡಿಎಂಐ 2.1ರಲ್ಲಿ 4ಕೆ, 144, 10 ಬಿಟ್ ಮೂರೂ ಹಿಡಿಸುತ್ತವೆ. ಆದರೆ ಕಾರ್ಡ್, ಕೇಬಲ್, ಮಾನಿಟರಿನ ಪೋರ್ಟ್ ಮೂರೂ ಆ ಮಟ್ಟದ್ದಾಗಿರಬೇಕು. ಒಂದು ಹಳೆಯದಾದರೂ ಲೆಕ್ಕ ಮತ್ತೆ ಮೊದಲಿನದೇ.

ನಿಮ್ಮಲ್ಲಿ ಏನಾಗಿದೆ ಎಂದು ತಿಳಿಯಲು ವಿಂಡೋಸ್ 11ರಲ್ಲಿ `Settings > System > Display > Advanced display` ತೆರೆಯಿರಿ. `Refresh rate`, `Bit depth`, `Color format` ಮೂರೂ ಒಂದೇ ಕಡೆ ಸಿಗುತ್ತವೆ. `8-bit with dithering` ಎಂದಿದ್ದರೆ ಗಾಬರಿ ಬೇಡ. `YCbCr422` ಎಂದಿದ್ದರೆ ಬಣ್ಣ ಅರ್ಧವಾಗಿದೆ. ಎಚ್‌ಡಿಆರ್ ಹಾಕಿದೊಡನೆ ಹರ್ಟ್ಸ್ ಇಳಿದಿದ್ದರೆ ಇಲ್ಲೇ ಸಿಕ್ಕಿಬೀಳುತ್ತದೆ.

ಹರ್ಟ್ಸ್ ಹಾಗೇ ಇದ್ದು ಆಟದ ಎಫ್‌ಪಿಎಸ್ ಇಳಿದಿದ್ದರೆ ಕಥೆ ಬೇರೆ. ವಿ-ಸಿಂಕ್ ಹಾಕಿದ್ದಾಗ ಎಫ್‌ಪಿಎಸ್ ಸರಿಯಾಗಿ 98ಕ್ಕೋ 120ಕ್ಕೋ ಬಂದು ಗೋಡೆಗೆ ತಾಗಿದಂತೆ ನಿಂತರೆ, ಗ್ರಾಫಿಕ್ಸ್ ಕಾರ್ಡ್ ಪೂರ್ತಿ ದುಡಿಯದೆ ಆರಾಮಾಗಿದ್ದರೆ, ತಡೆ ಕೇಬಲ್ಲಿನದು. ಕಾರ್ಡಿನ ಬಳಕೆ 97, 98 ಶೇಕಡಾ ತೋರಿಸುತ್ತ ಎಫ್‌ಪಿಎಸ್ ಏರಿಳಿಯುತ್ತಿದ್ದರೆ ಭಾರ ಕಾರ್ಡಿನ ಮೇಲಿದೆ. ಇಂದಿನ ದೊಡ್ಡ ಆಟಗಳು ಎಚ್‌ಡಿಆರ್ ಆಫ್ ಇದ್ದಾಗಲೂ ಒಳಗೆ ವಿಶಾಲ ಬೆಳಕಿನಲ್ಲೇ ಚಿತ್ರ ಬಿಡಿಸಿ, ಕೊನೆಗೆ ಸಾಧಾರಣ ಪರದೆಗೆ ತಗ್ಗಿಸುತ್ತವೆ. ಆದ್ದರಿಂದ ಆಟದ್ದೇ ಎಚ್‌ಡಿಆರ್ ಹಾಕಿದರೆ ಕಾರ್ಡಿಗೆ ಬೀಳುವ ಹೊರೆ ಸಾಮಾನ್ಯವಾಗಿ ಅತ್ಯಲ್ಪ. ಹಳೆಯ ಆಟಕ್ಕೆ ಹೊರಗಿನಿಂದ ಎಚ್‌ಡಿಆರ್ ಲೇಪಿಸುವ ಎನ್‌ವಿಡಿಯಾದ ಆರ್‌ಟಿಎಕ್ಸ್ ಎಚ್‌ಡಿಆರ್‌ನಂಥವು ಮಾತ್ರ ಎದ್ದು ಕಾಣುವಷ್ಟು ತಿನ್ನುತ್ತವೆ.

ಇನ್ನು ಕ್ಯಾಲಿಬ್ರೇಷನ್. ಮೊದಲು ಮಾನಿಟರಿನ ಮೆನುವಿನಲ್ಲಿ ಡೈನಾಮಿಕ್ ಕಾಂಟ್ರಾಸ್ಟ್, ಬಣ್ಣ ಚುರುಕುಗೊಳಿಸುವ ಮೋಡ್‌ಗಳನ್ನು ಆಫ್ ಮಾಡಿ, ಇವು ಆನ್ ಇದ್ದರೆ ಮುಂದಿನ ಅಳತೆಯೆಲ್ಲ ಸುಳ್ಳಾಗುತ್ತದೆ. ಎಚ್‌ಡಿಆರ್ ಇಲ್ಲದ ಬಳಕೆಗೆ ಬಣ್ಣದ ತಾಪಮಾನ 6500, ಗಾಮಾ 2.2 ಇಟ್ಟು, ಬೆಳಕನ್ನು ಕೋಣೆಗೆ ತಕ್ಕಂತೆ ತಗ್ಗಿಸಿ. `dccw` ಎಂದು ಟೈಪ್ ಮಾಡಿದರೆ ವಿಂಡೋಸಿನ ಹಳೆಯ ಸಾಧನ ತೆರೆದು ಗಾಮಾ ಸರಿಮಾಡಲು ದಾರಿ ತೋರಿಸುತ್ತದೆ.

ಎಚ್‌ಡಿಆರ್‌ಗೆ ಮೈಕ್ರೋಸಾಫ್ಟ್ ಸ್ಟೋರಿನಲ್ಲಿ ಉಚಿತವಾಗಿ ಸಿಗುವ `Windows HDR Calibration` ಬೇಕು. ರಾತ್ರಿ, ಆಡುವಾಗ ಇರುವಷ್ಟೇ ದೀಪದಲ್ಲಿ ಕೂತು ಮಾಡಿ. ಮೊದಲ ಪುಟದಲ್ಲಿ ಕಪ್ಪಿನ ಮೇಲೆ ಮಸುಕಾದ ವಿನ್ಯಾಸವೊಂದು ಕಾಣುತ್ತದೆ, ಅದು ಕಾಣೆಯಾಗುವ ತನಕ ಸ್ಲೈಡರ್ ಸರಿಸಬೇಕು. ಮುಂದಿನ ಎರಡು ಪುಟ ಗರಿಷ್ಠ ಬೆಳಕಿನವು, ಒಂದು ಸಣ್ಣ ಭಾಗಕ್ಕೆ, ಒಂದು ಇಡೀ ಪರದೆಗೆ. ಅಲ್ಲೂ ವಿನ್ಯಾಸ ಬಿಳಿಯಲ್ಲಿ ಕರಗಿದ ಕ್ಷಣಕ್ಕೇ ನಿಲ್ಲಿಸಿ. ಹೆಚ್ಚು ಬೆಳಕಿದ್ದರೆ ಒಳ್ಳೆಯದಲ್ಲವೇ ಎಂದು ಇನ್ನೂ ತಳ್ಳುವವರೇ ಜಾಸ್ತಿ. ಹಾಗೆ ಮಾಡಿದರೆ ಮಾನಿಟರಿಗೆ ಆಗದ ಬೆಳಕನ್ನು ಆಟ ಕಳಿಸುತ್ತದೆ, ಮೋಡದ ಸುರುಳಿಗಳೆಲ್ಲ ಒಂದೇ ಬಿಳಿ ಗುಡ್ಡೆಯಾಗಿಬಿಡುತ್ತವೆ. ಕೆಲವು ಆಟಗಳು ಈ ಅಂಕಿಯನ್ನು ತಾವೇ ಓದಿಕೊಳ್ಳುತ್ತವೆ. ಓದದ ಆಟದ ಮೆನುವಿನಲ್ಲಿ `Peak brightness` ಇದ್ದರೆ ಅದೇ ಅಂಕಿ ಕೊಡಿ.

ಎಚ್‌ಡಿಆರ್ ಹಾಕಿದ ಮೇಲೆ ಡೆಸ್ಕ್‌ಟಾಪ್ ಕಳೆಗುಂದಿದರೆ `SDR content brightness` ಸ್ಲೈಡರಿನಲ್ಲಿ ಸರಿಮಾಡಿಕೊಳ್ಳಬಹುದು. ಬೇಸರವಾದರೆ `Win + Alt + B` ಒತ್ತಿ ಎಚ್‌ಡಿಆರನ್ನೇ ಆಫ್ ಮಾಡಿ, ಆಡುವಾಗ ಮತ್ತೆ ಹಾಕಿ.

ಪೆಟ್ಟಿಗೆಯ ಮೇಲೆ ಡಿಸ್‌ಪ್ಲೇಎಚ್‌ಡಿಆರ್ 400 ಎಂದಿರುವ ಮಾನಿಟರ್‌ಗಳಿಗೆ ಒಂದು ಪರೀಕ್ಷೆ ಬಾಕಿ ಇದೆ. ಈ ದರ್ಜೆಗೆ 400 ನಿಟ್ಸ್ ಬೆಳಕು ಸಾಕು, ಪರದೆಯ ಬೇರೆ ಬೇರೆ ಭಾಗದ ಹಿಂಬೆಳಕನ್ನು ಪ್ರತ್ಯೇಕವಾಗಿ ಮಂಕಾಗಿಸುವ ಲೋಕಲ್ ಡಿಮ್ಮಿಂಗ್ ಕಡ್ಡಾಯವಲ್ಲ. ಆಟದಲ್ಲಿ ಕತ್ತಲ ಗುಹೆಯೊಂದಕ್ಕೆ ಹೋಗಿ, ಕೈಯಲ್ಲಿ ಪಂಜು ಇರಲಿ. ಪಂಜು ಹೊಳೆದಾಗ ಗುಹೆಯ ಮೂಲೆಗಳೂ ಬೂದಿ ಬಣ್ಣಕ್ಕೆ ತಿರುಗಿದರೆ ಎಚ್‌ಡಿಆರ್ ಆಫ್ ಮಾಡಿ, 8 ಬಿಟ್‌ನಲ್ಲಿ ಪರದೆ ಕೊಡುವಷ್ಟೂ ಹರ್ಟ್ಸ್ ತೆಗೆದುಕೊಳ್ಳಿ.