ಚಿಕ್ಕ ಕೋಣೆಗೆ 5.1 ಹೋಮ್ ಥಿಯೇಟರ್: ಟಾರ್ನೀಟ್‌ನ ಒಂದು ಬಾಡಿಗೆ ಮನೆಯ ಲೆಕ್ಕ

ಟಿವಿ 55 ಇಂಚಿನದ್ದು, ಚಿತ್ರ ಚೊಕ್ಕವಾಗಿದೆ. ಆದರೆ ಸಿನಿಮಾದಲ್ಲಿ ಮಾತಾಡಿದ್ದು ಊರಿಂದ ಬಂದ ಅಮ್ಮನಿಗೆ ಕೇಳಿಸೋದಿಲ್ಲ. ವಾಲ್ಯೂಮ್ ಏರಿಸಿದರೆ ಮುಂದಿನ ಫೈಟ್ ಸೀನ್‌ಗೆ ಪಕ್ಕದ ಕೋಣೆಯಲ್ಲಿ ಮಲಗಿದ ಮಗು ಎದ್ದು ಕೂರುತ್ತದೆ. ಗಲ್ಫ್‌ನ ಫ್ಲಾಟ್‌ನಲ್ಲೂ ಇದೇ ಪಾಡು, ಅಲ್ಲಿಂದ ಆಸ್ಟ್ರೇಲಿಯಾಕ್ಕೆ ಹೋದವರ ಮನೆಯಲ್ಲೂ ಇದೇ ಪಾಡು. ಇದಕ್ಕೆ ಪರಿಹಾರ ಜೋರು ಶಬ್ದ ಅಲ್ಲ. ಮಾತಿಗೆ ಬೇರೆ ಸ್ಪೀಕರ್, ಗುಡುಗಿಗೆ ಬೇರೆ ಸ್ಪೀಕರ್ ಇಟ್ಟು, ಅವೆರಡನ್ನೂ ಬೇರೆ ಬೇರೆಯಾಗಿ ಹತೋಟಿಯಲ್ಲಿಟ್ಟುಕೊಳ್ಳುವುದು. 5.1 ಅಂದರೆ ಇಷ್ಟೇ: ಮುಂದೆ ಎಡ, ಬಲ ಮತ್ತು ನಡುವೆ ಸೆಂಟರ್, ಕೂತವರ ಪಕ್ಕದಲ್ಲಿ ಎರಡು ಸರೌಂಡ್, ಜೊತೆಗೆ ಒಂದು ಸಬ್‌ವೂಫರ್.

ಉದಾಹರಣೆಗೆ ಮೆಲ್ಬರ್ನ್‌ನ ಪಶ್ಚಿಮಕ್ಕಿರುವ ಟಾರ್ನೀಟ್‌ನ ಒಂದು ಬಾಡಿಗೆ ಮನೆಯ ಕೋಣೆಯನ್ನೇ ತೆಗೆದುಕೊಳ್ಳೋಣ. ಉದ್ದ 3.6 ಮೀಟರ್, ಅಗಲ 3 ಮೀಟರ್, ಅಂದರೆ ನಮ್ಮ ಲೆಕ್ಕದಲ್ಲಿ 12 ಅಡಿಗೆ 10 ಅಡಿ. ಎತ್ತರ 2.4 ಮೀಟರ್. ಅಲ್ಲಿನ ಹೊಸ ಬಡಾವಣೆಗಳ ಮನೆಗಳಲ್ಲಿ ಒಳಗೋಡೆಗಳು ಸಾಮಾನ್ಯವಾಗಿ ಮರದ ಚೌಕಟ್ಟಿಗೆ ಪ್ಲಾಸ್ಟರ್‌ಬೋರ್ಡ್ ಹೊಡೆದದ್ದು. ಗಲ್ಫ್‌ನ ಬ್ಲಾಕ್ ಗೋಡೆಯ ಹಾಗಲ್ಲ, ಬಡಿದರೆ ಟೊಳ್ಳು ಸದ್ದು ಬರುತ್ತದೆ. ಇದು ನೆನಪಿರಲಿ, ಮುಂದೆ ಎರಡು ಕಡೆ ಬೇಕಾಗುತ್ತದೆ.

ಏನೇನು ಬೇಕು?

ಒಂದು 5.1 ಎವಿ ರಿಸೀವರ್, 6 ಅಥವಾ 8 ಓಮ್‌ನ ಐದು ಚಿಕ್ಕ ಬುಕ್‌ಶೆಲ್ಫ್ ಸ್ಪೀಕರ್, ಕರೆಂಟ್ ಪ್ಲಗ್ ತನ್ನದೇ ಇರುವ ಒಂದು ಸಬ್‌ವೂಫರ್, 1.5 ಚದರ ಮಿಲಿಮೀಟರ್‌ನ ಸ್ಪೀಕರ್ ವೈರ್. ಇಷ್ಟು ಚಿಕ್ಕ ಕೋಣೆಗೆ ರಿಸೀವರ್‌ನ ವ್ಯಾಟ್ ನೋಡಿ ದುಡ್ಡು ಸುರಿಯಬೇಡಿ. ಎರಡೂವರೆ ಮೀಟರ್ ದೂರದಲ್ಲಿ ಕೂತು ಕೇಳುವವರಿಗೆ ಸಾಮಾನ್ಯ ಮಾತಿಗೆ ಒಂದೆರಡು ವ್ಯಾಟ್ ಕೂಡ ಖರ್ಚಾಗೋದಿಲ್ಲ.

ಗಲ್ಫ್‌ನಿಂದ ಸಾಮಾನು ತರುವವರಿಗೆ ಒಂದು ಮಾತು. ಯುಎಇಯಲ್ಲಿ ಕೊಂಡ 220-240 ವೋಲ್ಟ್‌ನ ರಿಸೀವರ್ ಆಸ್ಟ್ರೇಲಿಯಾದ 230 ವೋಲ್ಟ್‌ನಲ್ಲಿ ನಡೆಯುತ್ತದೆ, ಪ್ಲಗ್ ಮಾತ್ರ ಬದಲಾಗಬೇಕು. ಹಿಂಭಾಗದ ಲೇಬಲ್ ಓದಿಯೇ ಚುಚ್ಚಿ. ಆದರೆ ಒಂದೇ ಡಬ್ಬದಲ್ಲಿ ಬರುವ 'ಹೋಮ್ ಥಿಯೇಟರ್ ಸೆಟ್'ನ ಸಬ್‌ವೂಫರ್ ತಂದರೆ ಹೆಚ್ಚಾಗಿ ಉಪಯೋಗವಿಲ್ಲ. ಅದರಲ್ಲಿ ಆಂಪ್ಲಿಫೈಯರ್ ಇರುವುದಿಲ್ಲ, ಆ ಸೆಟ್‌ನ ಡಬ್ಬವೇ ಅದನ್ನು ನಡೆಸುತ್ತದೆ. ಎವಿ ರಿಸೀವರ್‌ನ ಸಬ್‌ವೂಫರ್ ತೂತಿನಿಂದ ಬರೀ ಸಿಗ್ನಲ್ ಹೊರಡುತ್ತದೆ, ಸ್ಪೀಕರ್ ನಡೆಸುವ ಶಕ್ತಿ ಅದರಲ್ಲಿಲ್ಲ.

ಮೊದಲು ಸೋಫಾ, ಆಮೇಲೆ ಸ್ಪೀಕರ್

ಜಾಗ ಉಳಿಯಲಿ ಅಂತ ಎಲ್ಲರೂ ಸೋಫಾವನ್ನು ಹಿಂಗೋಡೆಗೆ ಒತ್ತಿ ಇಡುತ್ತಾರೆ. ಗೋಡೆಯ ಬಳಿ ಬೇಸ್ ರಾಶಿ ಬೀಳುತ್ತದೆ, ಮಾತು ಅದರಡಿ ಮುಚ್ಚಿಹೋಗುತ್ತದೆ. ಸೋಫಾವನ್ನು ಬರೀ 40 ಸೆಂಟಿಮೀಟರ್ ಮುಂದೆ ಎಳೆದರೆ ಕೂತವರ ಕಿವಿ ಹಿಂಗೋಡೆಯಿಂದ ಸುಮಾರು 75 ಸೆಂಟಿಮೀಟರ್ ದೂರಕ್ಕೆ ಬರುತ್ತದೆ. ಕೋಣೆಯ ಸರಿಯಾಗಿ ಮಧ್ಯಕ್ಕೂ ಬರಬೇಡಿ, ಅಲ್ಲಿ ಕೆಲವು ಬೇಸ್ ಸ್ವರಗಳು ಮಾಯವಾಗುತ್ತವೆ.

ಈಗ ಕಿವಿಯಿಂದ ಟೇಪ್ ಹಿಡಿಯಿರಿ. ಎಡ-ಬಲ ಸ್ಪೀಕರ್‌ಗಳು ಕೂತವರ ನೇರ ನೋಟದಿಂದ 22 ರಿಂದ 30 ಡಿಗ್ರಿ ಆಚೀಚೆ ಇರಬೇಕು ಎನ್ನುವುದು ಡಾಲ್ಬಿಯ ಸಲಹೆ. ನಮ್ಮ ಕೋಣೆಯಲ್ಲಿ ಸ್ಪೀಕರ್ ಮುಖ ಟಿವಿ ಗೋಡೆಯಿಂದ 40 ಸೆಂಟಿಮೀಟರ್ ಮುಂದಿದೆ, ಕಿವಿಗೆ ನೇರ ದೂರ 2.45 ಮೀಟರ್. ಟಿವಿಯ ನಡುಗೆರೆಯಿಂದ ಎರಡೂ ಬದಿಗೆ 1.1 ಮೀಟರ್ ಸರಿಸಿದರೆ 24 ಡಿಗ್ರಿ ಸಿಗುತ್ತದೆ. ಪಕ್ಕದ ಗೋಡೆಗೆ 40 ಸೆಂಟಿಮೀಟರ್ ಬಿಟ್ಟಂತಾಯಿತು. ಟ್ವೀಟರ್ ಕೂತವರ ಕಿವಿಯ ಮಟ್ಟದಲ್ಲಿ, ಅಂದರೆ ನೆಲದಿಂದ ಸುಮಾರು ಒಂದು ಮೀಟರ್ ಎತ್ತರದಲ್ಲಿರಲಿ.

ಸೆಂಟರ್ ಸ್ಪೀಕರ್ ಟಿವಿಯ ಕೆಳಗೆ. ಸಿನಿಮಾದ ಮಾತಿನ ಬಹುಪಾಲು ಬರುವುದು ಇದರಿಂದಲೇ. ಅದನ್ನು ಟಿವಿ ಯೂನಿಟ್‌ನ ಗೂಡಿನೊಳಗೆ ತಳ್ಳಿದರೆ ಮಾತು ಡಬ್ಬದೊಳಗಿಂದ ಬಂದ ಹಾಗಾಗುತ್ತದೆ. ಹಲಗೆಯ ಅಂಚಿಗೆ ತಂದು, ಮುಂದಿನ ಕಾಲಡಿ ಒಂದು ರಬ್ಬರ್ ತುಂಡಿಟ್ಟು ಮುಖ ಕಿವಿಯ ಕಡೆ ಎತ್ತಿ. ಅಮ್ಮನ ದೂರು ಅರ್ಧ ಇಲ್ಲೇ ಮುಗಿಯುತ್ತದೆ.

ಸರೌಂಡ್ ಎರಡನ್ನು ತುಂಬಾ ಜನ ಹಿಂದಿನ ಮೂಲೆಗೆ ಹಾಕುತ್ತಾರೆ. 5.1ರಲ್ಲಿ ಅವುಗಳ ಜಾಗ ಬೆನ್ನ ಹಿಂದೆ ಅಲ್ಲ. ಕಿವಿಯ ಪಕ್ಕದಲ್ಲಿ, ತುಸು ಹಿಂದಕ್ಕೆ, 110 ರಿಂದ 120 ಡಿಗ್ರಿಯಲ್ಲಿ. ಇಲ್ಲಿ ಕಿವಿಯಿಂದ ಅರ್ಧ ಮೀಟರ್ ಹಿಂದೆ ಪಕ್ಕದ ಗೋಡೆಗೆ ತಾಗಿದಂತೆ ಸ್ಟ್ಯಾಂಡ್ ನಿಲ್ಲಿಸಿದರೆ 111 ಡಿಗ್ರಿ ಆಯಿತು. ಎತ್ತರ 1.3 ಮೀಟರ್, ಕಿವಿಗಿಂತ ಸ್ವಲ್ಪ ಮೇಲೆ. ಇಲ್ಲವಾದರೆ ಸೋಫಾದ ತುದಿಯಲ್ಲಿ ಕೂತವರಿಗೆ ಬರೀ ಅದೊಂದೇ ಕೇಳುತ್ತದೆ. ಗೋಡೆಗೆ ತಿರುಪು ಹಾಕಿ ನೇತುಹಾಕುವ ಆಸೆ ಇದ್ದರೆ ತಾಳಿ. ಒಳಗಿನ ಮರದ ಪಟ್ಟಿ ಸಿಗದ ಕಡೆ ಪ್ಲಾಸ್ಟರ್‌ಬೋರ್ಡ್ ಭಾರ ಹೊರುವುದಿಲ್ಲ, ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆಯ ಪ್ರಶ್ನೆಯೂ ಬರುತ್ತದೆ. ಸ್ಟ್ಯಾಂಡೇ ವಾಸಿ.

ವೈರ್ ಜೋಡಿಸುವಾಗ ರಿಸೀವರ್ ಪ್ಲಗ್ ಕಿತ್ತಿರಲಿ. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು. ತಾಮ್ರದ ಒಂದೇ ಒಂದು ಎಳೆ ಪಕ್ಕದ ಟರ್ಮಿನಲ್‌ಗೆ ತಾಗಿದರೂ ರಿಸೀವರ್ ಆನ್ ಆದ ಕೂಡಲೇ ತಾನೇ ಆಫ್ ಆಗಬಹುದು. ಆಗ ಹೆದರದೆ ವೈರಿನ ತುದಿಗಳನ್ನು ನೋಡಿ. ಒಂದು ಸ್ಪೀಕರ್‌ಗೆ ಕೆಂಪು-ಕಪ್ಪು ಅದಲುಬದಲಾದರೆ ಯಂತ್ರ ಹಾಳಾಗೋದಿಲ್ಲ. ಆದರೆ ಬೇಸ್ ತೆಳ್ಳಗಾಗಿ, ಹಾಡುವವರ ದನಿ ನಡುವೆ ನಿಲ್ಲದೆ ಚದುರಿಹೋಗುತ್ತದೆ.

ಸಬ್‌ವೂಫರ್‌ಗೆ ಮೂಲೆ ಯಾಕೆ ಬೇಡ?

ಚಿಕ್ಕ ಕೋಣೆಯಲ್ಲಿ ಕಷ್ಟದ ಗಿರಾಕಿ ಇದೇ. ಬೇಸ್‌ನ ಅಲೆಗಳು ಉದ್ದ, ಎದುರುಬದುರು ಗೋಡೆಗಳ ನಡುವೆ ನಿಂತುಬಿಡುತ್ತವೆ. 3.6 ಮೀಟರ್ ಉದ್ದದಲ್ಲಿ ಸುಮಾರು 48 ಹರ್ಟ್ಸ್, 3 ಮೀಟರ್ ಅಗಲದಲ್ಲಿ ಸುಮಾರು 57 ಹರ್ಟ್ಸ್ ಸ್ವರ ಮೊಳಗುತ್ತದೆ. ಸಬ್‌ವೂಫರ್ ಮೂಲೆಯಲ್ಲಿದ್ದರೆ ಎರಡೂ ಪೂರ್ತಿ ಎದ್ದು ನಿಲ್ಲುತ್ತವೆ. ಗುರುತು ಹೀಗೆ: ತಬಲಾ, ಡೋಲು, ಬಾಂಬ್ ಎಲ್ಲವೂ ಒಂದೇ 'ಬೂಂ' ಅನ್ನುತ್ತವೆ. ಸೋಫಾದ ತುದಿಯಲ್ಲಿ ಕೂತವರಿಗೆ ಬೇಸ್ ಹೆಚ್ಚು, ನಡುವೆ ಕೂತವರಿಗೆ ಕಮ್ಮಿ.

ಸಬ್‌ವೂಫರ್ ಅನ್ನು ಟಿವಿ ಗೋಡೆಯ ನಡುಭಾಗಕ್ಕೆ ತಂದರೆ ಅಗಲದ ಆ 57 ಹರ್ಟ್ಸ್ ಏಳುವುದೇ ಇಲ್ಲ, ಸೋಫಾದ ಉದ್ದಕ್ಕೂ ಬೇಸ್ ಸಮನಾಗುತ್ತದೆ. ಟಿವಿ ಯೂನಿಟ್ ಅಡ್ಡ ಇದ್ದರೆ ಅದಕ್ಕೆ ಒತ್ತಿಕೊಂಡಾದರೂ ಇರಲಿ. ಇನ್ನೂ ಅನುಮಾನವೇ? ಸಬ್‌ವೂಫರ್ ಅನ್ನು ಸೋಫಾದ ಮೇಲೆ ನೀವು ಕೂರುವ ಜಾಗದಲ್ಲೇ ಇಟ್ಟು, ಬೇಸ್ ಇರುವ ಹಾಡು ಹಾಕಿ, ಗೋಡೆಯುದ್ದಕ್ಕೂ ತಲೆ ತಗ್ಗಿಸಿ ಹರಿದಾಡಿ. ಎಲ್ಲಿ ಪ್ರತಿ ಸ್ವರವೂ ಬಿಡಿಬಿಡಿಯಾಗಿ ಕೇಳುತ್ತದೋ ಅಲ್ಲಿ ಸಬ್‌ವೂಫರ್ ಇಡಿ. ಮಕ್ಕಳು ನಗುತ್ತಾರೆ, ಪರವಾಗಿಲ್ಲ.

ಮೈಕ್ ಹಚ್ಚಿ ಅಳತೆ

ಈಗಿನ ಹೆಚ್ಚಿನ ರಿಸೀವರ್‌ಗಳ ಜೊತೆ ಚಿಕ್ಕ ಮೈಕ್ ಬರುತ್ತದೆ. ಡೆನಾನ್‌ನಲ್ಲಿ ಈ ವ್ಯವಸ್ಥೆಯ ಹೆಸರು Audyssey, ಯಮಹಾದಲ್ಲಿ YPAO. ಮೈಕನ್ನು ಕೈಯಲ್ಲಿ ಹಿಡಿಯಬೇಡಿ, ಸೋಫಾದ ಬೆನ್ನಿಗೆ ಒರಗಿಸಲೂಬೇಡಿ. ಕ್ಯಾಮೆರಾ ಟ್ರೈಪಾಡ್ ಮೇಲೆ ಕಿವಿಯ ಎತ್ತರಕ್ಕೆ ನಿಲ್ಲಿಸಿ, ಎಸಿ, ಫ್ಯಾನ್ ಆಫ್ ಮಾಡಿ. ಸಬ್‌ವೂಫರ್‌ನ ಹಿಂದಿನ ವಾಲ್ಯೂಮ್ ಅರ್ಧಕ್ಕಿರಲಿ, ಕ್ರಾಸ್‌ಓವರ್ ಗುಂಡಿ ಕೊನೆಗೆ ಅಥವಾ LFE ಎಂದಿರುವಲ್ಲಿಗೆ ತಿರುಗಿಸಿ.

ಮುಗಿದ ಮೇಲೆ ಬಂದ ಅಂಕಿಗಳನ್ನು ಟೇಪಿನ ಅಳತೆಗೆ ಹೋಲಿಸಿ. ನಮ್ಮ ಕೋಣೆಯಲ್ಲಿ ಎಡ-ಬಲಕ್ಕೆ 2.7, ಸೆಂಟರ್‌ಗೆ 2.45, ಸರೌಂಡ್‌ಗೆ 1.4 ಮೀಟರ್ ಆಸುಪಾಸು ಬರಬೇಕು. ಸರೌಂಡ್ 1.3 ಮೀಟರ್ ಹತ್ತಿರ ಇರುವುದರಿಂದ ಅದರ ಶಬ್ದ ಹೆಚ್ಚುಕಡಿಮೆ 4 ಮಿಲಿಸೆಕೆಂಡ್ ಮೊದಲೇ ತಲುಪುತ್ತದೆ. ರಿಸೀವರ್ ಅಷ್ಟು ಹೊತ್ತು ಅದನ್ನು ತಡೆಹಿಡಿಯುತ್ತದೆ. ಸಬ್‌ವೂಫರ್ ದೂರ ಮಾತ್ರ ನಿಜಕ್ಕಿಂತ ಹೆಚ್ಚು ತೋರಿಸಿದರೆ ಮುಟ್ಟಬೇಡಿ. ಅದರೊಳಗಿನ ಸರ್ಕ್ಯೂಟ್ ತಡಮಾಡುವುದನ್ನೂ ಲೆಕ್ಕಕ್ಕೆ ಹಿಡಿದ ಅಂಕಿ ಅದು. ಕೊನೆಗೆ ಐದೂ ಸ್ಪೀಕರ್ Small, ಕ್ರಾಸ್‌ಓವರ್ 80 Hz ಇದೆಯೇ ನೋಡಿ. ಯಂತ್ರ Large ಎಂದು ಹಾಕಿದ್ದರೆ ಬದಲಿಸಿ, ಚಿಕ್ಕ ಸ್ಪೀಕರ್‌ಗೆ ಭಾರದ ಬೇಸ್ ಹೊರಿಸುವುದು ಬೇಡ.

ಐದರಲ್ಲಿ ಎರಡೇ ಕೂಗುತ್ತಿದ್ದರೆ?

ಟಿವಿಯ ಆಪ್‌ಗಳ ಶಬ್ದ ರಿಸೀವರ್‌ಗೆ ಬರಬೇಕಾದರೆ ಎರಡೂ ಕಡೆ ARC ಅಥವಾ eARC ಎಂದು ಬರೆದ ಎಚ್‌ಡಿಎಂಐ ತೂತಿಗೇ ಕೇಬಲ್ ಹಾಕಬೇಕು. ಟಿವಿಯ ಸೌಂಡ್ ಸೆಟ್ಟಿಂಗ್‌ನಲ್ಲಿ PCM ಇದ್ದರೆ ಸಾಮಾನ್ಯವಾಗಿ ಎರಡೇ ಚಾನೆಲ್ ಹೊರಡುತ್ತದೆ. ಅದನ್ನು Bitstream ಅಥವಾ Auto ಮಾಡಿ. ರಿಸೀವರ್ ಮುಖದ ಮೇಲೆ Dolby Digital ಎಂದು ಕಂಡರೆ ಸರಿ. ಯೂಟ್ಯೂಬ್‌ನ ಹಳೆಯ ಕನ್ನಡ ಸಿನಿಮಾಗಳು ಹೆಚ್ಚಾಗಿ ಎರಡೇ ಚಾನೆಲ್‌ನವು. ಅಲ್ಲಿ ಸರೌಂಡ್ ಸುಮ್ಮನಿದ್ದರೆ ಸ್ಪೀಕರ್ ದೋಷವಲ್ಲ. ರಿಸೀವರ್‌ನ Dolby Surround ಒತ್ತಿದರೆ ಮಾತನ್ನು ಸೆಂಟರ್‌ಗೆ ತಂದುಕೊಡುತ್ತದೆ.

ರಾತ್ರಿಯ ಲೆಕ್ಕ

ಪ್ಲಾಸ್ಟರ್‌ಬೋರ್ಡ್ ಗೋಡೆ ಮಾತನ್ನು ಸ್ವಲ್ಪ ತಡೆಯುತ್ತದೆ, ಬೇಸನ್ನು ತಡೆಯೋದಿಲ್ಲ. ಸಬ್‌ವೂಫರ್ ಅಡಿಗೆ ರಬ್ಬರ್ ಹಾಸಿದರೂ ಗಾಳಿಯಲ್ಲಿ ಹೋಗುವ ಬೇಸ್ ಹಾಗೇ ಹೋಗುತ್ತದೆ. ಪಕ್ಕದ ಮನೆ ಹತ್ತಿರ, ಅಲ್ಲಿ ನೈಟ್ ಶಿಫ್ಟ್ ಮಾಡುವವರೂ ಇರಬಹುದು. ವಿಕ್ಟೋರಿಯಾ ರಾಜ್ಯದ ನಿಯಮದಂತೆ ಭಾನುವಾರದಿಂದ ಗುರುವಾರ ರಾತ್ರಿ 10ರ ನಂತರ, ಶುಕ್ರವಾರ ಮತ್ತು ಶನಿವಾರ 11ರ ನಂತರ ನಿಮ್ಮ ಸ್ಟೀರಿಯೋ, ಟಿವಿಯ ಶಬ್ದ ಪಕ್ಕದ ಮನೆಯ ವಾಸದ ಕೋಣೆಯೊಳಗೆ ಕೇಳಿಸಬಾರದು. ಕೇಳಿಸಿದರೆ ಅವರು ಕೌನ್ಸಿಲ್‌ಗೋ ಪೊಲೀಸರಿಗೋ ದೂರು ಕೊಡಬಹುದು.

ಅದಕ್ಕೆ ರಾತ್ರಿಗೆ ಮೂರು ಬದಲಾವಣೆ ಸಾಕು. ಸಬ್‌ವೂಫರ್ ಮಟ್ಟವನ್ನು ರಿಮೋಟ್‌ನಿಂದ 6 ಡೆಸಿಬಲ್ ಇಳಿಸಿ ಅಥವಾ ಪೂರ್ತಿ ಆಫ್ ಮಾಡಿ. ಸೆಂಟರ್ ಅನ್ನು 2-3 ಡೆಸಿಬಲ್ ಏರಿಸಿ. ಮೆಲ್ಲನೆಯ ಮಾತಿಗೂ ಸ್ಫೋಟಕ್ಕೂ ಇರುವ ಅಂತರ ಕಮ್ಮಿ ಮಾಡುವ ನೈಟ್ ಮೋಡ್ ಹಾಕಿ. ಹೊರಗೆ ಹೋಗಿ ಬೇಲಿಯ ಬಳಿ ಒಂದು ನಿಮಿಷ ನಿಂತು ಕೇಳಿ. ಅಲ್ಲಿ 'ಧಡ್ ಧಡ್' ಇಲ್ಲದೆ, ಒಳಗೆ ಅಮ್ಮನಿಗೆ ಪ್ರತಿ ಮಾತೂ ಸಿಕ್ಕಿದರೆ ಕೋಣೆಯ ಸೆಟ್ಟಿಂಗ್ ಸರಿಯಾಯಿತು ಅಂತ ಲೆಕ್ಕ.