ಚಿನ್ನದ ಟ್ರೇಡಿಂಗ್: ಎಷ್ಟು ಕೊಳ್ಳಬೇಕೆಂದು ಸ್ಟಾಪ್‌ಲಾಸೇ ಹೇಳುತ್ತದೆ

ಊರಿಗೆ ರಜೆಯಲ್ಲಿ ಬಂದಿದ್ದ ನನ್ನ ಅಕ್ಕನ ಮಗ ಎರಡು ಲಕ್ಷ ರೂಪಾಯಿ ಹಾಕಿ ಮೊಬೈಲ್‌ನಲ್ಲಿ ಚಿನ್ನದ ಟ್ರೇಡಿಂಗ್ ಶುರು ಮಾಡಿದ. ವಾರದೊಳಗೆ ಇಪ್ಪತ್ತು ಸಾವಿರ ಹೋಯಿತು. "ಮಾಮಾ, ಎರಡು ಸಲವೂ ಸ್ಟಾಪ್‌ಲಾಸ್ ಹಾಕಿದ್ದೆ, ಆದರೂ ಹೀಗಾಯಿತಲ್ಲ" ಎಂದ. ಆರ್ಡರ್‌ಗಳನ್ನು ತೆಗೆದು ನೋಡಿದೆ. ಸ್ಟಾಪ್‌ಲಾಸ್ ಇದ್ದ ಜಾಗ ಸರಿಯಾಗಿಯೇ ಇತ್ತು. ಎಡವಿದ್ದು ಕೊಂಡ ಪ್ರಮಾಣದಲ್ಲಿ.

ಅವನು ಕೊಂಡದ್ದು ಎಂಸಿಎಕ್ಸ್‌ನ ಗೋಲ್ಡ್ ಮಿನಿ, ಪರದೆಯ ಮೇಲೆ GOLDM. ಇದರ ದರ ತೋರಿಸುವುದು 10 ಗ್ರಾಂಗೆ, ಆದರೆ ಒಂದು ಲಾಟ್ ಎಂದರೆ 100 ಗ್ರಾಂ. ದರ ಒಂದು ರೂಪಾಯಿ ಇಳಿದರೆ ನಿಮ್ಮ ಖಾತೆಯಲ್ಲಿ ಹತ್ತು ರೂಪಾಯಿ ಇಳಿಯುತ್ತದೆ. ಪೂರ್ತಿ ಹಣ ಕೊಡಬೇಕಾಗಿಲ್ಲ, ಸ್ವಲ್ಪ ಭಾಗ ಮಾರ್ಜಿನ್ ಇಟ್ಟರೆ ಸಾಕು. ಹೊಸಬರು ಮೋಸಹೋಗುವುದೇ ಇಲ್ಲಿ. ಮಾರ್ಜಿನ್ ಹೇಳುವುದು ಎಷ್ಟು ಕೊಳ್ಳಲು ಬಿಡುತ್ತಾರೆ ಎಂದು, ಎಷ್ಟು ಕೊಳ್ಳಬೇಕು ಎಂದಲ್ಲ.

ಲೆಕ್ಕ ಹಾಕಬೇಕಾದದ್ದು ತಿರುಗಿ. ಮೊದಲು, ಈ ಒಂದು ವ್ಯಾಪಾರ ಕೈಕೊಟ್ಟರೆ ಎಷ್ಟು ಹೋದರೂ ಪರವಾಗಿಲ್ಲ ಎಂದು ನಿರ್ಧರಿಸಿ. ಹೊಸಬರಿಗೆ ಬಂಡವಾಳದ ನೂರಕ್ಕೆ ಒಂದು ಸಾಕು. ಎರಡು ಲಕ್ಷಕ್ಕೆ ಅದು 2,000 ರೂಪಾಯಿ. ಆಮೇಲೆ ಚಾರ್ಟ್ ನೋಡಿ, ದರ ಎಲ್ಲಿಗೆ ಇಳಿದರೆ ನಮ್ಮ ಅಂದಾಜು ತಪ್ಪಾಯಿತು ಎನ್ನಬಹುದೋ ಆ ಜಾಗ ಗುರುತಿಸಬೇಕು. ಸಾಮಾನ್ಯವಾಗಿ ಅದು ಕಳೆದ ಕೆಲವು ದಿನಗಳ ಕನಿಷ್ಠ ದರಕ್ಕಿಂತ ಸ್ವಲ್ಪ ಕೆಳಗೆ.

ಲೆಕ್ಕ ಸುಲಭವಾಗಲೆಂದು ಗ್ರಾಂಗೆ 10,000 ರೂಪಾಯಿ ಎಂದಿಟ್ಟುಕೊಳ್ಳೋಣ. ಸ್ಟಾಪ್‌ಲಾಸ್ 9,900ರಲ್ಲಿ. ಅಂದರೆ ಗ್ರಾಂಗೆ ನಷ್ಟ 100 ರೂಪಾಯಿ. 2,000ವನ್ನು 100ರಿಂದ ಭಾಗಿಸಿದರೆ 20. ಇವನು ಕೊಳ್ಳಬಹುದಾದದ್ದು 20 ಗ್ರಾಂ, ಅಷ್ಟೇ. ಕೊಂಡದ್ದು 100 ಗ್ರಾಂ. ಆದ್ದರಿಂದ ಪ್ರತಿ ಸಲ ಹೋದದ್ದು ಎರಡು ಸಾವಿರವಲ್ಲ, ಹತ್ತು ಸಾವಿರ.

20 ಗ್ರಾಂ ಹೇಗೆ ಕೊಳ್ಳುವುದು? ಅದಕ್ಕೆ ಸಣ್ಣ ಲಾಟ್‌ಗಳಿವೆ. GOLDGUINEA ಎಂದರೆ 8 ಗ್ರಾಂ, ನಮ್ಮ ಮನೆಯ ಹೆಂಗಸರ ಲೆಕ್ಕದಲ್ಲಿ ಸರಿಯಾಗಿ ಒಂದು ಪವನ್. GOLDPETAL ಒಂದು ಗ್ರಾಂ. ಎರಡು ಗಿನಿ ಕೊಂಡರೆ 16 ಗ್ರಾಂ, ಸ್ಟಾಪ್‌ಲಾಸ್ ಬಡಿದರೆ 1,600 ರೂಪಾಯಿ ನಷ್ಟ. ಉಳಿದ 400 ಬ್ರೋಕರೇಜ್, ತೆರಿಗೆ, ನಾಲ್ಕಾರು ರೂಪಾಯಿ ಹೆಚ್ಚುಕಡಿಮೆಗೆ ಇರಲಿ. ಲೆಕ್ಕ ಹೊಂದದಿದ್ದರೆ ಯಾವಾಗಲೂ ಕೆಳಕ್ಕೆ ಇಳಿಸಬೇಕು, ಮೇಲಕ್ಕೆ ಏರಿಸಬಾರದು.

ಇದನ್ನು ಹೇಳಿದಾಗ ಹುಡುಗ ಜಾಣತನ ಮಾಡಿದ: "ಹಾಗಾದರೆ ಮಿನಿಯನ್ನೇ ಕೊಂಡು ಸ್ಟಾಪ್‌ಲಾಸನ್ನು ಗ್ರಾಂಗೆ 20 ರೂಪಾಯಿ ಹತ್ತಿರ ಇಟ್ಟರಾಯಿತಲ್ಲ?" ಕಾಗದದ ಮೇಲೆ ಸರಿ, 2,000ವೇ ಬರುತ್ತದೆ. ಆದರೆ ಹತ್ತು ಸಾವಿರದ ದರ ದಿನಕ್ಕೆ ನೂರು ರೂಪಾಯಿ ಅತ್ತಿತ್ತ ಆಡುವುದು ಮಾಮೂಲು. 20 ರೂಪಾಯಿಯ ಸ್ಟಾಪ್‌ಲಾಸ್ ಬೆಳಗಿನ ಚಾ ಕುಡಿದು ಮುಗಿಸುವಷ್ಟರಲ್ಲಿ ಬಡಿದಿರುತ್ತದೆ, ಆಮೇಲೆ ದರ ಮೇಲೆ ಹೋಗುವುದನ್ನು ನೋಡುತ್ತಾ ಕೂರಬೇಕು. ಪ್ರಮಾಣಕ್ಕೆ ತಕ್ಕಂತೆ ಸ್ಟಾಪ್‌ಲಾಸ್ ಎಳೆದಾಡಿದರೆ ಹೀಗೇ ಆಗುವುದು.

ಇನ್ನು, ಸ್ಟಾಪ್‌ಲಾಸ್ ಹಾಕಿದ ದರಕ್ಕೇ ಹೊರಬರುತ್ತೇವೆಂಬ ಖಾತ್ರಿ ಇಲ್ಲ. ಬೇಸಿಗೆ ಕಾಲದಲ್ಲಿ ಅಮೆರಿಕದ ಫೆಡರಲ್ ರಿಸರ್ವ್ ಬಡ್ಡಿದರದ ತೀರ್ಮಾನ ಬರುವುದು ನಮ್ಮ ರಾತ್ರಿ 11.30ಕ್ಕೆ, ನಮ್ಮ ಮಾರುಕಟ್ಟೆ ಮುಚ್ಚುವುದೂ ಅದೇ ಹೊತ್ತಿಗೆ. ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ದರ 9,900ನ್ನು ಹಾರಿ 9,820ರಲ್ಲೇ ತೆರೆಯಬಹುದು. ಆಗ 16 ಗ್ರಾಂಗೆ ನಷ್ಟ 2,880. ನೂರು ಗ್ರಾಂ ಇದ್ದಿದ್ದರೆ 18,000. ಆರ್ಡರ್‌ನಲ್ಲಿ ಟ್ರಿಗರ್ 9,900, ಲಿಮಿಟ್ 9,895 ಎಂದು ತೀರಾ ಹತ್ತಿರ ಕೊಟ್ಟಿದ್ದರೆ ಇನ್ನೂ ಕಷ್ಟ: ಆರ್ಡರ್ ಜಾರಿಯಾಗದೆ ಹಾಗೇ ಉಳಿದು ನಷ್ಟ ಬೆಳೆಯುತ್ತದೆ. ಸಾದಾ ಸ್ಟಾಪ್‌ಲಾಸ್ ಆರ್ಡರ್ ಆ ದಿನದ ಕೊನೆಗೆ ರದ್ದಾಗುತ್ತದೆ ಎಂಬುದನ್ನೂ ಮರೆಯಬೇಡಿ, ಮರುದಿನ ಮತ್ತೆ ಹಾಕಲೇಬೇಕು.

ಹಾರುವುದಕ್ಕೆ ರಾತ್ರಿಯೇ ಆಗಬೇಕೆಂದಿಲ್ಲ. 2024ರ ಜುಲೈ 23ರಂದು ಬಜೆಟ್‌ನಲ್ಲಿ ಆಮದು ಸುಂಕವನ್ನು ಶೇ. 15ರಿಂದ 6ಕ್ಕೆ ಇಳಿಸಿದಾಗ ಹಗಲು ಹೊತ್ತಿನಲ್ಲೇ 10 ಗ್ರಾಂಗೆ ಸುಮಾರು 4,000 ರೂಪಾಯಿ ಬಿದ್ದಿತ್ತು. ಬಜೆಟ್ ದಿನ, ಫೆಡರಲ್ ರಿಸರ್ವ್ ದಿನ ಖಾಲಿ ಕೈಯಲ್ಲಿ ಇರುವುದೇ ವಾಸಿ ಎಂಬುದು ನನ್ನ ಅಭಿಪ್ರಾಯ.

ಮತ್ತೊಂದು ಮಾತು ನಮ್ಮ ಮನೆಗಳಲ್ಲಿ ಬಂದೇ ಬರುತ್ತದೆ. ಚಿನ್ನದ ವ್ಯಾಪಾರ ಕೈಯಿಂದ ಕೈಗೆ ನಡೆಯಬೇಕೆಂಬ ಶರತ್ತು ಇರುವುದರಿಂದ ಫ್ಯೂಚರ್ಸನ್ನು ಒಪ್ಪದ ಉಲಮಾಗಳು ಬಹಳ. ಉಸ್ತಾದರ ಬಳಿ ಕೇಳುವುದಿದ್ದರೆ ಹಣ ಹಾಕುವ ಮೊದಲೇ ಕೇಳಿ.

ನಮ್ಮ ಹುಡುಗ ಈಗ ಒಂದು ನೋಟ್‌ಬುಕ್ ಇಟ್ಟುಕೊಂಡಿದ್ದಾನೆ. ಹಣ ಹಾಕುವುದಿಲ್ಲ, ದರ, ಸ್ಟಾಪ್‌ಲಾಸ್, ಗ್ರಾಂ ಮೂರನ್ನೂ ಬರೆದು ಸಂಜೆ ಏನಾಯಿತೆಂದು ನೋಡುತ್ತಾನೆ. ಮೊನ್ನೆ ನೋಡಿದಾಗ ಹನ್ನೊಂದು ಬರೆದಿದ್ದ, ಆರರಲ್ಲಿ ಸ್ಟಾಪ್‌ಲಾಸ್ ಬಡಿದಿತ್ತು.